ಆನೆಮನೆಗೆ ಹೆಸರಿಟ್ಟ ಟೀಚರಕ್ಕ

ಎರಡು ವರ್ಷದ ಮಗುವಿಗೆ ಬೋರ್ಡು ಓದಲು ಬರುವುದಿಲ್ಲ.

ಇದೇನು ಮಹಾ ಸಂಶೋಧನೆ ಎಂದು ಮೂಗು ಮುರಿಯಬೇಡಿ. ಗೊತ್ತಿದ್ದರೆ ಬೋರ್ಡುಗಳು ಹೀಗೇಕಿವೆ? ಚಡ್ಡಿ ಏರಿಸಿಕೊಳ್ಳಲು ಬಾರದ, ಸುರಿಯುವ ಮೂಗನ್ನು ಒರೆಸಿಕೊಳ್ಳಲು ಬಾರದ ಮಕ್ಕಳನ್ನು ಬಿಟ್ಟು ಹೋಗುವ ಜಾಗಗಳ ನೆತ್ತಿಯ ಮೇಲೆ ನಾಳಿನ ನಾಯಕರಂತೆ, ಪುಟಾಣಿ ವಿಜ್ಞಾನಿಗಳಂತೆ, ಜಗತ್ತಿನ ಮಟ್ಟದ ಮೇಧಾವಿಗಳಂತೆ! ಒಳಗೆ ಹೋಗಿ ನೋಡಿದರೆ ನಾಳಿನ ನಾಯಕ ಹೆಬ್ಬೆರಳು ಚೀಪುತ್ತಾ ಮೂಲೆಯಲ್ಲಿ ಒದ್ದೆಯಾಗಿ ಕೂತಿರುತ್ತಾನೆ. ಹೆಸರಿಟ್ಟವರು ದೊಡ್ಡವರು, ಅದನ್ನು ಓದಿ ಹಿಗ್ಗುವವರು ದೊಡ್ಡವರು. ಆ ಹೆಸರಿನ ಕೆಳಗೆ ದಿನವಿಡೀ ಇರಬೇಕಾದವರನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ.

ಕೇಳಿದವಳು ಒಬ್ಬಳಿದ್ದಳು. ಬೀದಿಯವರು ಅವಳನ್ನು ಟೀಚರಕ್ಕ ಎನ್ನುತ್ತಿದ್ದರು. ವರ್ಷಗಟ್ಟಲೆ ಒಂದು ದೊಡ್ಡ ಶಾಲೆಯ ಶಿಶುವರ್ಗದಲ್ಲಿ ದುಡಿದು, ಅಲ್ಲಿ ಮೂರು ತುಂಬದ ಮಕ್ಕಳಿಗೂ ಪರೀಕ್ಷೆ ಇಡಬೇಕೆಂದು ಮೇಲಿನವರು ಹೇಳಿದಾಗ ರಾಜೀನಾಮೆ ಬರೆದುಕೊಟ್ಟು ಬಂದವಳು. ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಮಕ್ಕಳ ಮುಂದೆ ಆ ಮೂಗು ಆನೆಯ ಸೊಂಡಿಲಾಗುತ್ತಿತ್ತು, ಬೆಕ್ಕಿನ ಮೂತಿಯಾಗುತ್ತಿತ್ತು, ಬೇಕೆಂದಾಗ ರೈಲಿನ ಇಂಜಿನ್ನೂ ಆಗುತ್ತಿತ್ತು.

ತನ್ನದೇ ಒಂದು ಶಿಶುವಿಹಾರ, ಅದಕ್ಕೆ ಹೊಂದಿಕೊಂಡು ಸಂಜೆಯವರೆಗಿನ ಡೇಕೇರ್. ಇಷ್ಟೇ ಅವಳ ಆಸೆ. ಬೀದಿಯ ಕೊನೆಯಲ್ಲಿ ಒಂದು ನೆಲಮಹಡಿ ಬಾಡಿಗೆಗೆ ಹಿಡಿದಳು. ನಲ್ಲಿಗಳನ್ನು ಮಕ್ಕಳ ಸೊಂಟದ ಎತ್ತರಕ್ಕೆ ಇಳಿಸಿದಳು. ಬೆರಳು ಸಿಕ್ಕಿಹಾಕಿಕೊಳ್ಳದಂತೆ ಬಾಗಿಲ ಸಂದಿಗಳಿಗೆ ರಬ್ಬರಿನ ಪಟ್ಟಿ ಹೊಡೆಸಿದಳು. ಅಡುಗೆಮನೆಗೆ ಅರ್ಧ ಬಾಗಿಲು, ಮಲಗುವ ಕೋಣೆಗೆ ದಪ್ಪ ಪರದೆ, ಶೌಚಾಲಯಕ್ಕೆ ಗೊಂಬೆಯಾಟದ್ದೇನೋ ಎನ್ನುವಷ್ಟು ಪುಟ್ಟ ಕಮೋಡು. ಹಳೆಯ ಶಾಲೆಯಿಂದ ಅವಳ ಹಿಂದೆಯೇ ಕೆಲಸ ಬಿಟ್ಟು ಬಂದ ಆಯಾ ಒಬ್ಬಳಿದ್ದಳು. ತಲೆ ನೆರೆತವಳು, ಎಲ್ಲರಿಗೂ ಅಜ್ಜಿ. ಎಲ್ಲವೂ ಸಿದ್ಧವಾಯಿತು. ಹೆಸರೊಂದು ಮಾತ್ರ ಆಗಿರಲಿಲ್ಲ.

"ಹೆಸರಲ್ಲೇನಿದೆ ಅಕ್ಕ, ಒಂದು ದಿನದ ಕೆಲಸ. ನನಗೆ ಬಿಡು," ಎಂದ ತಮ್ಮ.

ತಮ್ಮ ನೀರು ಸೋಸುವ ಯಂತ್ರಗಳನ್ನು ಮನೆಮನೆಗೆ ಮಾರುವವನು. ಕುಡಿಯುವ ನೀರಿನ ಬಗ್ಗೆ ಹೆದರಿಕೆ ಹುಟ್ಟಿಸಿ, ಮರುಕ್ಷಣವೇ ಧೈರ್ಯ ಮಾರುವುದು ಅವನ ಕಸುಬು. ಶಿಶುವಿಹಾರಕ್ಕೆ ಅವನೂ ಕೈ ಜೋಡಿಸಿದ್ದ. ಹಾಗಾಗಿ ಮಾತಾಡುವ ಹಕ್ಕೂ ತನಗಿದೆ ಎಂದುಕೊಂಡಿದ್ದ.

"ನಿನಗೆ ಬಿಟ್ಟರೆ ಫಿಲ್ಟರಿನ ಹೆಸರು ಇಡ್ತೀಯ."

"ನಗಬೇಡ. ದುಡಿಯೋ ತಾಯಂದಿರಿಗೆ ಏನು ಬೇಕು ಹೇಳು? ಭರವಸೆ. ನಾನು ದಿನಾ ಮಾರೋದೂ ಅದನ್ನೇ."

ಮರುದಿನ ಬೆಳಿಗ್ಗೆ ಟೀಚರಕ್ಕ ಬರುವ ಹೊತ್ತಿಗೆ ಬಾಗಿಲ ಮೇಲೆ ಬೋರ್ಡು ಏರಿಯೇ ಬಿಟ್ಟಿತ್ತು. ಹಲ್ಲು ಬಾರದ ಬೊಚ್ಚುಬಾಯಿಯ ಕೂಸೊಂದರ ಫೋಟೋ, ಪಕ್ಕದಲ್ಲಿ ಮುಖ ಕಾಣದ ತಾಯಿಯ ಎರಡು ಕೈ, ಕೆಳಗೆ ಗುಲಾಬಿ ಬಣ್ಣದಲ್ಲಿ 'ಅಮ್ಮನ ಮಡಿಲು'. ಬೋರ್ಡು ಬರೆಯುವ ಬೋರ್ಡಣ್ಣ ಏಣಿಯಿಂದ ಇಳಿಯುತ್ತಾ, "ನಾನು ಹೇಳಿದೆ ಟೀಚರಕ್ಕ, ಅಕ್ಕನ್ನ ಒಂದು ಮಾತು ಕೇಳಪ್ಪಾ ಅಂತ. ನಿಮ್ಮ ತಮ್ಮ ಕಿವಿ ಮನೇಲಿಟ್ಟು ಬಂದಿದ್ರು," ಎಂದ.

ಟೀಚರಕ್ಕನಿಗೆ ಮೈ ಉರಿಯಿತು. ಆದರೆ ಹೆಸರು ನೋಡಲು ಕೆಟ್ಟದಾಗಿಯೇನೂ ಇರಲಿಲ್ಲ. ಮೆತ್ತಗಿತ್ತು. ಇರಲಿ, ಬಂದವರು ಏನೆನ್ನುತ್ತಾರೋ ನೋಡೋಣ ಎಂದು ಸುಮ್ಮನಾದಳು.

ಬಂದವರಲ್ಲಿ ಮೊದಲನೆಯವಳು ಬ್ಯಾಂಕಿನ ಕ್ಯಾಷಿಯರ್. ಕಂಕುಳಲ್ಲಿ ಎರಡೂವರೆ ವರ್ಷದ ಮಗಳು ಚಿನ್ನಿ, ಇನ್ನೊಂದು ಕೈಯಲ್ಲಿ ಊಟದ ಚೀಲ. ಒಳಗೆ ಬಂದು ನಲ್ಲಿ ನೋಡಿದಳು, ಬಾಗಿಲಿನ ರಬ್ಬರು ನೋಡಿದಳು, ಅಜ್ಜಿಯ ಉಗುರು ಕೂಡ ನೋಡಿದಳು. ಎಲ್ಲಕ್ಕೂ ತಲೆಯಾಡಿಸಿದಳು. ಹೊರಟವಳು ಹೊಸ್ತಿಲಲ್ಲಿ ನಿಂತಳು.

"ಟೀಚರೇ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ದಿನಾ ಬೆಳಿಗ್ಗೆ ನಾನು ಆ ಬೋರ್ಡು ಓದ್ಕೊಂಡು ಕೆಲಸಕ್ಕೆ ಹೋಗ್ಬೇಕಾ?"

"ಯಾಕಮ್ಮ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅಮ್ಮ ಕೌಂಟರಲ್ಲಿ ಕೂತಿರ್ತಾಳೆ, ಅಮ್ಮನ ಮಡಿಲು ಮಾತ್ರ ಇಲ್ಲಿರುತ್ತೆ. ನಮ್ಮತ್ತೆ ಮನೇಲಿ ದಿನಾ ಹೇಳೋದನ್ನ ನೀವು ಬಣ್ಣ ಹಾಕಿ ಬರೆಸಿದೀರಿ, ಅಷ್ಟೆ."

ಕ್ಯಾಷಿಯರ್ ಸೇರಿಸದೆ ಹೋದಳು. ಟೀಚರಕ್ಕ ಆ ಗುಲಾಬಿ ಅಕ್ಷರಗಳನ್ನು ಮತ್ತೊಮ್ಮೆ ಓದಿದಳು. ತಾಯಂದಿರಿಗೆ ಧೈರ್ಯ ಹೇಳಲು ಹೊರಟ ಹೆಸರು ತಾಯಂದಿರನ್ನೇ ಚುಚ್ಚುತ್ತಿತ್ತು. ಮಗುವನ್ನು ಬಿಟ್ಟು ದುಡಿಯಲು ಹೋಗುವವಳಿಗೆ ಇನ್ನೊಬ್ಬ ಅಮ್ಮ ಬೇಕಿಲ್ಲ. ಅವಳಿಗೆ ಬೇಕಿರುವುದು ನೆಟ್ಟಗಿನ ಒಂದು ಜಾಗ, ಸಮಯಕ್ಕೆ ತೆರೆದಿರುವ ಬಾಗಿಲು, ಕಣ್ಣಿಟ್ಟಿರುವ ಜನ. ಅಮ್ಮ ಅವಳೇ. ಆ ಕುರ್ಚಿ ಖಾಲಿ ಇಲ್ಲ.

"ಇಳಿಸೋ ಇದನ್ನ," ಎಂದಳು ತಮ್ಮನಿಗೆ.

"ಒಬ್ಬಳ ಮಾತಿಗೆ?"

"ಬಾಯಿಬಿಟ್ಟವಳು ಒಬ್ಬಳು. ಮನಸ್ಸಲ್ಲೇ ಅಂದ್ಕೊಂಡು ಗೇಟಿಂದಾನೇ ವಾಪಸು ಹೋದವರೆಷ್ಟೋ."

ತಮ್ಮ ಸೋಲೊಪ್ಪುವ ಆಸಾಮಿಯಲ್ಲ. ಜಾಹೀರಾತು ಬರೆಯುವ ಗೆಳೆಯನಿಗೆ ಫೋನು ಹಚ್ಚಿ, ಮಧ್ಯಾಹ್ನದೊಳಗೆ ಇನ್ನೊಂದು ಹೆಸರು ತಂದ. ಗೂಬೆಮರಿ. ಗೂಬೆ ಎಂದರೆ ಬುದ್ಧಿಯ ಗುರುತಂತೆ, ದೊಡ್ಡ ದೊಡ್ಡ ಕಣ್ಣಂತೆ, ಟೋಪಿ ಹಾಕಿಸಿದರೆ ಮುದ್ದಾಗಿ ಕಾಣುತ್ತದಂತೆ.

ಹಾಸಿಗೆ ಮಡಚುತ್ತಿದ್ದ ಅಜ್ಜಿ ತಲೆ ಎತ್ತಿದಳು. "ನಮ್ಮ ತಲೆ ಮೇಲೆ ಗೂಬೆ ಕೂರಿಸೋಕೆ ಊರೆಲ್ಲ ಕಾಯ್ತಿರುತ್ತಪ್ಪ. ಮಗು ಬಿದ್ದು ಮಂಡಿ ತರಚಿದ್ರೆ ಸಾಕು. ಅವರಿಗ್ಯಾಕೆ ತೊಂದರೆ ಅಂತ ನಾವೇ ಕೂರಿಸ್ಕೊಂಡುಬಿಡೋಣ ಅಂತೀಯ?"

ಬೋರ್ಡಣ್ಣ ಬಣ್ಣದ ಡಬ್ಬಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ತಮ್ಮ ನಗಲಿಲ್ಲ. "ನೀವು ನೀವೇ ನಗ್ತಾ ಇರಿ. ಮಕ್ಕಳು ಸೇರದೆ ಬಾಗಿಲು ಹಾಕ್ಕೊಂಡು ಹೋಗೋ ದಿನ ನಾನು ನಗ್ತೀನಿ," ಎಂದು ಸ್ಕೂಟರು ಹತ್ತಿದ.

ಆ ಮಾತು ಟೀಚರಕ್ಕನಿಗೆ ನಾಟಿತು. ಸುಳ್ಳೇನಾಗಿರಲಿಲ್ಲ. ಇದು ಮುಚ್ಚಿದರೆ ಹಳೆಯ ಶಾಲೆ ಅವಳನ್ನು ವಾಪಸು ಕರೆಯುವುದಿಲ್ಲ. ಕರೆದರೂ ಅವಳು ಹೋಗುವವಳಲ್ಲ. ಮಕ್ಕಳು ಹೆದರದೆ ಬರುವ ಬಾಗಿಲೊಂದನ್ನು ಮಾಡುತ್ತೇನೆ ಎಂದು ಹೊರಟವಳಿಗೆ ಬೇರೆ ದಾರಿ ಉಳಿದಿರಲಿಲ್ಲ.

ಹೀಗಾಗಿ ಅವಳು ತನಗೆ ಗೊತ್ತಿದ್ದ ಕೆಲಸಕ್ಕೆ ಕೈ ಹಾಕಿದಳು. ಅಕ್ಕಪಕ್ಕದ ಮನೆಗಳ ಪುಟ್ಟ ಮಕ್ಕಳನ್ನು, ಅವರವರ ಅಮ್ಮ, ಅಪ್ಪ, ಅಜ್ಜಂದಿರ ಸಮೇತ ಒಂದು ಸಂಜೆ ಕರೆದಳು. ಚಾಪೆ ಹಾಸಿ ನಡುವೆ ಕೂತಳು. ಮನಸ್ಸಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಮಕ್ಕಳ ಮುಂದೆ ಚೆಂಡಿನಂತೆ ಉರುಳಿಸಿದಳು. ಯಾವುದು ವಾಪಸು ಬರುತ್ತದೆ ಎಂದು ನೋಡುವುದಷ್ಟೇ ಅವಳ ಪರೀಕ್ಷೆ.

ಚಿಕ್ಕ ಮಕ್ಕಳ ಬಾಯಿಗೆ ಎಲ್ಲ ಅಕ್ಷರವೂ ದಕ್ಕುವುದಿಲ್ಲ. ಪ, ಬ, ಮ, ನ, ತ ಬೇಗ ಬರುತ್ತವೆ. ರಕಾರ ತಡ. ಒತ್ತಕ್ಷರ ಬಂತೋ, ನಾಲಿಗೆ ಎಡವಿ ಬೀಳುತ್ತದೆ. 'ನಕ್ಷತ್ರ' ಎಂದಳು. ಒಂದು ಮಗು "ನತ್ತತ್ತ" ಎಂದಿತು, ಉಳಿದವು ಅವಳ ಬಾಯಿಯನ್ನೇ ನೋಡಿದವು. 'ಬುಗುರಿ' "ಬುಗುಯಿ" ಆಗಿ ವಾಪಸು ಬಂತು. 'ತಂಗಾಳಿ' ಬರಲೇ ಇಲ್ಲ. ಗಾಳಿಯನ್ನು ಮಗು ಎಲ್ಲಿ ನೋಡಬೇಕು? ತೋರಿಸಲು ಒಂದು ವಸ್ತುವಿರಬೇಕು, ಅದಕ್ಕೊಂದು ದನಿಯಿರಬೇಕು, ಮಾಡಲು ಒಂದು ಚೇಷ್ಟೆಯಿರಬೇಕು.

'ಆಮೆ' ಎಂದಾಗ ಮಕ್ಕಳು ಹಿಗ್ಗಿದರು. ಆದರೆ ಗೋಡೆಗೊರಗಿ ನಿಂತಿದ್ದ ತಂದೆಯೊಬ್ಬ ಹುಬ್ಬು ಗಂಟಿಕ್ಕಿದ. ವಿಮಾ ಕಂಪನಿಯಲ್ಲಿ ಕೆಲಸ, ಬೀದಿಯಲ್ಲಿ ವಿಮೆಯಪ್ಪ ಎಂದೇ ಹೆಸರು. "ನನ್ನ ಮಗ ಆಮೆ ಆಗ್ಲಿ ಅಂತ ಯಾರಾದ್ರೂ ಸೇರಿಸ್ತಾರಾ ಟೀಚರೇ?"

"ಆನೆ," ಎಂದಳು ಟೀಚರಕ್ಕ, ತೋಳನ್ನು ಮೂಗಿಗೆ ಹಚ್ಚಿ ಸೊಂಡಿಲಾಡಿಸುತ್ತಾ.

"ಆನೆ!" ಚಾಪೆಯ ಮೇಲಿದ್ದವರೆಲ್ಲ ಕೂಗಿದರು. ವಿಮೆಯಪ್ಪನ ಮಗ ಗುಂಡ ಎದ್ದು ನಿಂತು ಎರಡೂ ತೋಳನ್ನು ಮೂಗಿಗಿಟ್ಟುಕೊಂಡು ಮಗುಚಿಬಿದ್ದ.

"ಆನೆಮನೆ."

"ಆನೆಮನೆ! ಆನೆಮನೆ! ಆನೆಮನೆ!"

ಇನ್ನು ನಿಲ್ಲಿಸುವವರು ಯಾರು? ಮನೆಗೆ ಹೋಗುವ ಹೊತ್ತಿಗೂ ಗೇಟಿನ ಆಚೆಯಿಂದ ಅದೇ ಕೂಗು ಕೇಳುತ್ತಿತ್ತು. ಆನೆಗಳು ಮರಿಗಳನ್ನು ನಡುವೆ ಬಿಟ್ಟುಕೊಂಡು ಸುತ್ತ ಗೋಡೆಯಂತೆ ನಿಲ್ಲುತ್ತವೆ ಎಂದು ಟೀಚರಕ್ಕ ಹೇಳಿದಾಗ ವಿಮೆಯಪ್ಪನ ಹುಬ್ಬೂ ಸಡಿಲವಾಯಿತು. "ಅದಾದ್ರೆ ಸರಿ. ಕವರೇಜ್ ಇದ್ದಂಗಾಯ್ತು," ಎಂದ.

ಅಷ್ಟಕ್ಕೇ ಅವಳು ಕುಣಿಯಲಿಲ್ಲ. ಕ್ಯಾಷಿಯರನ್ನು ಹುಡುಕಿಕೊಂಡು ಬ್ಯಾಂಕಿಗೇ ಹೋದಳು. ಊಟದ ಬಿಡುವಿನಲ್ಲಿ ಹಿಡಿದು ಕೇಳಿದಳು. ಕ್ಯಾಷಿಯರ್ ಹೆಸರನ್ನು ಬಾಯಲ್ಲಿ ಆಡಿಸಿ ನೋಡಿದಳು. "ಮ್ಯಾನೇಜರ್ ಹತ್ರ ಹೋಗಿ, ಸಾರ್ ಆನೆಮನೆಯಿಂದ ಫೋನ್ ಬಂದಿದೆ ಹೋಗ್ಬೇಕು ಅಂದ್ರೆ ನನ್ನ ಮೃಗಾಲಯಕ್ಕೆ ಕಳಿಸ್ತಾರೆ ಟೀಚರೇ." ಇಬ್ಬರೂ ನಕ್ಕರು. ನಕ್ಕ ಮೇಲೆ ಟೀಚರಕ್ಕನಿಗೆ ಹೊಳೆಯಿತು. ಆಟದ ಹೆಸರು ಮಕ್ಕಳಿಗೆ, ಅದರ ಕೆಳಗೊಂದು ನೇರ ಸಾಲು ದೊಡ್ಡವರಿಗೆ. ಎರಡನ್ನೂ ಒಂದೇ ಪದದ ತಲೆಗೆ ಕಟ್ಟಿದರೆ ಎರಡೂ ಕೆಡುತ್ತವೆ.

ಪುರಸಭೆಯ ಕಚೇರಿಯಲ್ಲಿ, ಊರಿನಲ್ಲಿ ಆ ಹೆಸರಿನದು ಬೇರೆ ಯಾವುದೂ ಇಲ್ಲ ಎಂದು ಖಚಿತ ಮಾಡಿಕೊಂಡಳು. ಅಲ್ಲಿನ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "'ಶಾಲೆ' ಅಂತ ಮಾತ್ರ ಸೇರಿಸ್ಬೇಡಿ. ಇದು ಶಾಲೆ ಅಲ್ಲ," ಎಂದ.

"ಅದು ಅಲ್ಲ ಅಂತಾನೇ ತೆಗೀತಿರೋದು ಸ್ವಾಮಿ," ಎಂದಳು ಟೀಚರಕ್ಕ.

ಬೋರ್ಡಣ್ಣ ಬರೆದ. ಮೇಲೆ ದಪ್ಪಗೆ 'ಆನೆಮನೆ'. ಕೆಳಗೆ 'ಶಿಶುವಿಹಾರ ಮತ್ತು ಡೇಕೇರ್'. ಅದರ ಕೆಳಗೆ ಬೆಳಿಗ್ಗೆ ತೆರೆಯುವ ಹೊತ್ತು, ಸಂಜೆ ಮುಚ್ಚುವ ಹೊತ್ತು, ಫೋನ್ ನಂಬರು. ಸ್ಕೂಟರಿನಲ್ಲಿ ಹೋಗುವವರಿಗೂ ಕಾಣುವಷ್ಟು ದೊಡ್ಡಕ್ಷರ. ಓದಲು ಬಾರದವರಿಗೆ ಬೇರೆ ಬೋರ್ಡು: ಗೇಟಿನಿಂದ ಬಾಗಿಲವರೆಗೆ ನೆಲದ ಮೇಲೆ ಆನೆಯ ದುಂಡು ಹೆಜ್ಜೆಗಳು, ಒಂದೊಂದರಲ್ಲೂ ಮಗುವಿನ ಎರಡೂ ಪಾದ ಹಿಡಿಯುವಷ್ಟು ಜಾಗ. ಬೆಳಿಗ್ಗೆ ಅಮ್ಮನ ಕೈ ಬಿಡಿಸಿಕೊಂಡು ಹೆಜ್ಜೆಯಿಂದ ಹೆಜ್ಜೆಗೆ ಕುಪ್ಪಳಿಸುತ್ತಾ ಒಳಗೆ ಬರಬೇಕು, ಅಷ್ಟೇ.

ಬಂದರು. ಹೊಸ ಮಗುವಿನ ಜೊತೆ ಮೊದಲ ಕೆಲವು ದಿನ ಅಮ್ಮನೋ ಅಪ್ಪನೋ ಒಳಗೇ ಕೂರುವುದು, ಬಿಟ್ಟು ಹೋಗುವ ಹೊತ್ತನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವುದು, ಕದ್ದು ಓಡದೆ ಮುಖ ತೋರಿಸಿ ಟಾಟಾ ಹೇಳಿಯೇ ಹೊರಡುವುದು ಟೀಚರಕ್ಕನ ಕಟ್ಟುನಿಟ್ಟು. ಅಳು ಇತ್ತು. ಇರಬೇಕಾದಷ್ಟೇ ಇತ್ತು. ಚಿನ್ನಿ ಬ್ಯಾಂಕಿನ ರಸ್ತೆ ತಿರುಗುವಾಗಲೇ "ಆನೆಮನೆ ಬಂತು" ಎಂದು ಕೂಗುತ್ತಿದ್ದಳು. ಕ್ಯಾಷಿಯರ್ ಕೆಲಸದ ನಡುವೆ ಫೋನು ಮಾಡುವುದನ್ನು ನಿಲ್ಲಿಸಿದಳು. ಅದಕ್ಕಿಂತ ದೊಡ್ಡ ನಂಬಿಕೆ ಯಾವ ತಾಯಿ ಕೊಟ್ಟಾಳು? ತಮ್ಮ ಕೂಡ ಬಂದು ನಿಂತು ನೋಡಿ, "ಪರವಾಗಿಲ್ಲ," ಎಂದ. ಅವನ ಬಾಯಲ್ಲಿ ಅದು ಹಾರ ಹಾಕಿದ ಹಾಗೆ.

ಒಂದು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಗುಂಡ ಗೇಟಿನ ಹೊರಗೆ ನಿಂತುಬಿಟ್ಟ. ಹೆಜ್ಜೆಯ ಮೇಲೆ ಕಾಲಿಡಲೊಲ್ಲ. ವಿಮೆಯಪ್ಪ ಎತ್ತಿಕೊಂಡರೆ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚಿದ. ಹಲ್ಲು ಬರುತ್ತಿದೆಯೇನೋ, ನಿದ್ದೆ ಸಾಲದೇನೋ ಎಂದುಕೊಂಡಳು ಟೀಚರಕ್ಕ. ಮರುವಾರ ಇನ್ನೊಬ್ಬಳು. ಆಮೇಲೆ ಚಿನ್ನಿಯೇ. ಕೂಗುತ್ತಾ ಬರುತ್ತಿದ್ದವಳು ಈಗ ಅಮ್ಮನ ಕುತ್ತಿಗೆಗೆ ಹಲ್ಲಿಯಂತೆ ಅಂಟಿಕೊಂಡು ಬಂದಳು. ವಿಚಿತ್ರವೆಂದರೆ ಒಳಗೆ ಬಂದು ಸ್ವಲ್ಪ ಹೊತ್ತಾದರೆ ಎಲ್ಲರೂ ಆಡುತ್ತಿದ್ದರು, ಉಣ್ಣುತ್ತಿದ್ದರು, ಮಲಗುತ್ತಿದ್ದರು. ಹೆದರಿಕೆಯೆಲ್ಲ ಗೇಟಿನಲ್ಲಿ. ಹೆಸರು ಕಿವಿಗೆ ಬಿದ್ದರೆ ಸಾಕು, ತುಟಿ ನಡುಗುತ್ತಿತ್ತು.

ಟೀಚರಕ್ಕ ತಲೆ ಕೆರೆದುಕೊಂಡಳು. ಊಟ ನೋಡಿದಳು, ಹಾಸಿಗೆ ನೋಡಿದಳು, ಮಕ್ಕಳ ಮೈಮೇಲೆ ಕೆಂಪೇನಾದರೂ ಇದೆಯೇ ಎಂದು ನೋಡಿದಳು. ಏನೂ ಇಲ್ಲ.

ತಾಯಿತಂದೆಯರು ಸುಮ್ಮನಿರುತ್ತಾರೆಯೇ? ಮೊದಲು ಗುಸುಗುಸು. ಆಮೇಲೆ ಗುಂಪಿನ ಫೋನ್ ಸಂದೇಶಗಳು. ಆಮೇಲೆ ವಿಮೆಯಪ್ಪ ನೇರವಾಗಿ ಬಂದು ನಿಂತ.

"ಟೀಚರೇ, ನನ್ನ ಮಗ ಆನೆಮನೆ ಹೆಸರು ಕೇಳಿದ್ರೆ ಬೆಚ್ಚಿ ಬೀಳ್ತಾನೆ. ಒಳಗೇನೋ ಆಗ್ತಿದೆ. ಆ ಮುದುಕಿ ಏನು ಮಾಡ್ತಾಳೆ ಮಕ್ಕಳಿಗೆ?"

ಮಲಗುವ ಕೋಣೆಯಲ್ಲಿದ್ದ ಅಜ್ಜಿಗೆ ಕೇಳಿಸಿತು. ಅವಳ ಕೈಯಲ್ಲಿ ಒಂದು ಮಗುವಿನ ಕಾಲುಚೀಲವಿತ್ತು. ಅದರ ಜೋಡಿ ಹುಡುಕುತ್ತಿದ್ದವಳು ಹುಡುಕುವುದನ್ನು ಬಿಟ್ಟಳು.

"ಕ್ಯಾಮೆರಾ ಇದೆ. ಕೂತು ನೋಡಿ. ಎಷ್ಟು ಹೊತ್ತು ಬೇಕಾದ್ರೂ ನೋಡಿ," ಎಂದಳು ಟೀಚರಕ್ಕ.

ವಿಮೆಯಪ್ಪ ನೋಡಿದ. ಗುಂಡ ಮರಳಿನಲ್ಲಿ ಗುಂಡಿ ತೋಡುತ್ತಿದ್ದ, ಅಜ್ಜಿಯ ತೊಡೆಯ ಮೇಲೆ ಬಿದ್ದು ನಗುತ್ತಿದ್ದ, ಇನ್ನೊಬ್ಬನ ಬಿಸ್ಕತ್ತು ಕಿತ್ತುಕೊಳ್ಳುತ್ತಿದ್ದ. ನೋಡಿದಷ್ಟೂ ವಿಮೆಯಪ್ಪನಿಗೆ ಸಿಟ್ಟು ಹೆಚ್ಚಿತು. "ಬಾತ್ರೂಮಿನಲ್ಲಿ ಕ್ಯಾಮೆರಾ ಇಲ್ವಲ್ಲ," ಎಂದ.

"ಇರಬಾರದು. ಮಕ್ಕಳು ಬಟ್ಟೆ ಬಿಚ್ಚೋ ಜಾಗ ಅದು."

"ಅದಕ್ಕೇ ಕೇಳ್ತಿರೋದು."

ಆ ಸಂಜೆ ಅಜ್ಜಿ ಏಪ್ರನ್ನು ಕಳಚಿ ಮಡಚಿ ಮೇಜಿನ ಮೇಲಿಟ್ಟಳು. "ಇಷ್ಟು ವರ್ಷ ಊರವರ ಮಕ್ಕಳ ಅಂಡು ತೊಳೆದಿದೀನಿ ಟೀಚರಕ್ಕ. ಇದೊಂದು ಮಾತು ಕೇಳಿರ್ಲಿಲ್ಲ. ನಾನು ಹೋದ್ರೆ ನಿಮ್ಮ ಬಾಗಿಲಾದ್ರೂ ಉಳಿಯುತ್ತೆ."

"ನೀನು ಹೋದ್ರೆ ಅವರು ಹೇಳಿದ್ದು ನಿಜ ಅಂತಾಗುತ್ತೆ ಅಜ್ಜಿ. ಏಪ್ರನ್ ಹಾಕ್ಕೋ. ಇನ್ನೆರಡು ದಿನ. ನನಗೋಸ್ಕರ."

ಅಜ್ಜಿ ಹಾಕಿಕೊಳ್ಳಲಿಲ್ಲ, ಆದರೆ ಹೋಗಲೂ ಇಲ್ಲ. ಮರುದಿನ ಏಪ್ರನ್ನಿಲ್ಲದೆ ಬಂದಳು.

ಗುಟ್ಟು ಒಡೆದದ್ದು ಆಟದ ಅಡುಗೆಮನೆಯಲ್ಲಿ. ಅಲ್ಲಿ ಮರದ ಒಲೆ, ಪ್ಲಾಸ್ಟಿಕ್ಕಿನ ತಟ್ಟೆ, ಬಟ್ಟೆಯ ಒಂದು ಗೊಂಬೆ. ಚಿನ್ನಿ ಗೊಂಬೆಯನ್ನು ಗೋಡೆಗೊರಗಿಸಿ ಉಣ್ಣಿಸುತ್ತಿದ್ದಳು. ಟೀಚರಕ್ಕ ಪಕ್ಕದಲ್ಲೇ ಬಣ್ಣದ ಪೆನ್ಸಿಲ್ ಕೆತ್ತುತ್ತಾ ಕೂತಿದ್ದಳು. ಗೊಂಬೆ ಉಣ್ಣುತ್ತದೆಯೇ? ಉಣ್ಣಲಿಲ್ಲ. ಚಿನ್ನಿಯ ಮುಖ ಬದಲಾಯಿತು. ಹುಬ್ಬು ಮೇಲೇರಿತು, ಒಂದು ಬೆರಳು ಮೇಲೇರಿತು. ದಣಿದ ಹೆಂಗಸಿನ ದನಿಯೊಂದು ಆ ಪುಟ್ಟ ಬಾಯಿಂದ ಬಂತು.

"ಉಣ್ತೀಯೋ ಇಲ್ವೋ? ಆನೆಮನೆಗೆ ಬಿತ್ ಬತ್ತೀನಿ. ಆನೆ ತುಳಿಯುತ್ತೆ. ಅಮ್ಮ ಬಯಲ್ಲ."

ಟೀಚರಕ್ಕ ಪೆನ್ಸಿಲ್ ಕೆಳಗಿಟ್ಟಳು.

ಎಲ್ಲರನ್ನೂ ಕೇಳಿದ್ದಳು. ಮಕ್ಕಳ ನಾಲಿಗೆಯನ್ನು ಕೇಳಿದ್ದಳು, ತಾಯಂದಿರ ಮನಸ್ಸನ್ನು ಕೇಳಿದ್ದಳು, ಕಚೇರಿಯನ್ನು ಕೇಳಿದ್ದಳು. ರಾತ್ರಿ ಊಟದ ತಟ್ಟೆಯ ಮುಂದೆ ಈ ಹೆಸರನ್ನು ಏನು ಮಾಡುತ್ತಾರೆ ಎಂದು ಕೇಳಿರಲಿಲ್ಲ. ಮರಿಗಳ ಸುತ್ತ ಗೋಡೆಯಂತೆ ನಿಂತಿದ್ದ ಆನೆಯನ್ನು ಮನೆಗೆ ಕೊಂಡೊಯ್ದು ಗುಮ್ಮನನ್ನಾಗಿ ಮಾಡಿದ್ದರು. ಯಾರೋ ಕೇಡಿಗರಲ್ಲ. ಬೆಳಿಗ್ಗೆ ಅದೇ ಹೆಸರು ಹೇಳಿ ಮಗುವನ್ನು ಮುದ್ದಿಸಿ ಬಿಟ್ಟು ಹೋದವರೇ.

ಸಂಜೆ ಕ್ಯಾಷಿಯರ್ ಬಂದಾಗ ಟೀಚರಕ್ಕ ಕೇಳಿಯೇ ಬಿಟ್ಟಳು. ಕ್ಯಾಷಿಯರ್ ಮೊದಲು ನಕ್ಕಳು, ಆಮೇಲೆ ಕೆಂಪಾದಳು.

"ಅಯ್ಯೋ, ಬಾಯಿ ಮಾತಿಗೆ ಹೇಳಿದ್ದು ಟೀಚರೇ. ಯಾರು ಹೇಳಲ್ಲ? ನಮ್ಮಮ್ಮ ನನಗೆ ಪೊಲೀಸಿಗೆ ಹಿಡಿದುಕೊಡ್ತೀನಿ ಅಂತಿದ್ರು."

"ಪೊಲೀಸಿನ ಹತ್ರ ನಿಮ್ಮನ್ನ ದಿನಾ ಬೆಳಿಗ್ಗೆ ಬಿಟ್ಟು ಹೋಗ್ತಿದ್ರಾ?"

ಕ್ಯಾಷಿಯರ್ ಚಿನ್ನಿಯ ಚೀಲವನ್ನು ಕೆಳಗಿಟ್ಟಳು. "ನಿಮಗೇನು ಗೊತ್ತು? ದಿನವಿಡೀ ಕೌಂಟರಲ್ಲಿ ಜನ ಬೈತಾರೆ. ಮನೆಗೆ ಬಂದ್ರೆ ಇವಳು ಬಾಯಿ ತೆರೆಯಲ್ಲ. ಅತ್ತೆ ಪಕ್ಕದಲ್ಲೇ ಕೂತು, ನೋಡು, ತಾಯಿ ಕೈ ಮರೆತುಬಿಟ್ಟಿದೆ ಮಗು ಅಂತಾರೆ. ಒಂದು ತುತ್ತು ಹೋದ್ರೆ ಸಾಕಪ್ಪ ಅನ್ಸುತ್ತೆ. ಯಾವ ಮಾತು ಬಾಯಿಗೆ ಬಂತೋ ಅದು."

ಟೀಚರಕ್ಕನಿಗೆ ಬೈಯಬೇಕೆನಿಸಿತು. ಬೈಯಲಾಗಲಿಲ್ಲ. ದಣಿವು ಸುಳ್ಳಲ್ಲ. ಆದರೆ ಆ ದಣಿವಿನ ಬಿಲ್ ಬಂದದ್ದು ಎರಡೂವರೆ ವರ್ಷದವಳ ಹೆಸರಿಗೆ.

ತಮ್ಮ ಬಂದು ವಿಷಯ ಕೇಳಿ, ಸ್ಕೂಟರಿನ ಮೇಲಿಂದಲೇ ತೀರ್ಪು ಕೊಟ್ಟ. "ಹೆಸರು ಬದಲಾಯಿಸು. ಆನೆ ತೆಗೆದು ಚಿಟ್ಟೆ ಹಾಕಿಸು. ಚಿಟ್ಟೆಗೆ ಯಾರು ಹೆದರ್ತಾರೆ?"

"ಚಿಟ್ಟೆಮನೆಗೆ ಬಿಟ್ಟು ಬರ್ತೀನಿ, ಅಮ್ಮ ಬರಲ್ಲ. ಆಯ್ತಾ? ಚಿಟ್ಟೆಯೂ ಕಚ್ಚುತ್ತೆ ಕಣೋ. ಮಕ್ಕಳು ಆನೆಗೆ ಹೆದರಿದ್ದಲ್ಲ. ಅಮ್ಮ ಬರಲ್ಲ ಅನ್ನೋದಕ್ಕೆ ಹೆದರಿದ್ದು."

ಬೋರ್ಡಣ್ಣ ಬಣ್ಣದ ಡಬ್ಬಿ ಹಿಡಿದು ಬಂದು ನಿಂತಿದ್ದ. ತಮ್ಮನೇ ಕರೆಸಿದ್ದ. "ಅಳಿಸ್ಲಾ ಬೇಡ್ವಾ? ನಿಮ್ಮಿಬ್ಬರ ನಡುವೆ ನನ್ನ ಬ್ರಷ್ ಒಣಗ್ತಿದೆ," ಎಂದ.

"ಮನೆಗೆ ಹೋಗಿ ಅಣ್ಣ," ಎಂದಳು ಟೀಚರಕ್ಕ.

ಶನಿವಾರ ಮಧ್ಯಾಹ್ನ ಎಲ್ಲ ತಾಯಿತಂದೆಯರನ್ನು ಕರೆದಳು. ಕೂರಲು ಇದ್ದದ್ದು ಮಕ್ಕಳ ಕುರ್ಚಿಗಳೇ. ಸಾಹೇಬರು, ನರ್ಸಮ್ಮಂದಿರು, ಅಂಗಡಿಯವರು ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತರು. ಅಜ್ಜಿ ಬಾಗಿಲ ಬಳಿ ಏಪ್ರನ್ನಿಲ್ಲದೆ ನಿಂತಿದ್ದಳು. ಟೀಚರಕ್ಕ ಸುತ್ತಿ ಬಳಸಲಿಲ್ಲ.

"ಈ ಜಾಗದ ಹೆಸರು ಹೇಳಿ ಮನೇಲಿ ಮಗೂನ ಯಾರು ಯಾರು ಹೆದರಿಸಿದೀರಿ? ಕೈ ಎತ್ತಿ."

ಯಾರೂ ಎತ್ತಲಿಲ್ಲ. ಒಬ್ಬರು ಫೋನು ನೋಡಿದರು. ಇನ್ನೊಬ್ಬರಿಗೆ ಷೂ ಲೇಸು ಕಟ್ಟುವ ಕೆಲಸ ನೆನಪಾಯಿತು.

"ಅಜ್ಜಿಯ ಮೇಲೆ ಅನುಮಾನ ಪಡೋಕೆ ಎಲ್ಲರಿಗೂ ಕೈಯಿತ್ತು. ಬಿಡುವಿಲ್ಲದೆ ಸಂದೇಶ ಒತ್ತಿದ ಕೈಗಳು ಅವು. ಈಗೆಲ್ಲಿ ಹೋದ್ವು?"

ಕ್ಯಾಷಿಯರ್ ಎತ್ತಿದಳು. ತಲೆ ತಗ್ಗಿಸಿಯೇ ಎತ್ತಿದಳು. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾತ, "ನಾನೂ ಅಂದಿದೀನಮ್ಮ, ನಿದ್ದೆ ಮಾಡ್ಲಿ ಅಂತ," ಎಂದು ಎತ್ತಿದ. ನರ್ಸಮ್ಮ ಎತ್ತಿದಳು. ಒಂದಾದ ಮೇಲೊಂದು ಅರ್ಧ ಕೋಣೆ ಕೈ ಎತ್ತಿತು. ಇನ್ನರ್ಧ, ಕೈ ಎತ್ತಿದವರನ್ನು ನೋಡಿ ತಾವು ಒಳ್ಳೆಯವರೆಂದು ನಿಟ್ಟುಸಿರುಬಿಟ್ಟಿತು.

ವಿಮೆಯಪ್ಪ ಎತ್ತಲಿಲ್ಲ. "ನಾವು ಏನೋ ಅಂದಿರಬಹುದು. ಅಷ್ಟಕ್ಕೇ ಮಗು ಹೀಗಾಗುತ್ತಾ? ತಪ್ಪು ನಮ್ಮ ತಲೆಗೆ ಕಟ್ಟೋಕೆ ಚೆನ್ನಾಗಿ ಹುಡುಕಿದೀರಿ," ಎಂದು ಪುಟ್ಟ ಕುರ್ಚಿಯಿಂದ ಕಷ್ಟಪಟ್ಟು ಎದ್ದ. ಗುಂಡನ ಚೀಲ, ನೀರಿನ ಬಾಟಲಿ, ಬದಲಿ ಚಡ್ಡಿ ತೆಗೆದುಕೊಂಡ. ಅಜ್ಜಿಯ ಪಕ್ಕದಲ್ಲೇ ಹಾದುಹೋದ. ಅವಳ ಮುಖ ನೋಡಲಿಲ್ಲ. ಅವನ ಹಿಂದೆ ಇನ್ನಿಬ್ಬರು ಹೋದರು.

ಆನೆಮನೆಯ ಬಾಗಿಲು ಮುಚ್ಚಲಿಲ್ಲ. ಉಳಿದವರು ಉಳಿದರು, ಅಷ್ಟರಲ್ಲೇ ಟೀಚರಕ್ಕ ಹೇಗೋ ನಡೆಸುತ್ತಿದ್ದಾಳೆ. ಅಜ್ಜಿಗೆ ಯಾರೂ ಕ್ಷಮೆ ಕೇಳಲಿಲ್ಲ. ಕ್ಯಾಷಿಯರ್ ಒಮ್ಮೆ ಕೇಳಲು ಹೋಗಿ ಅಳಲು ಶುರುಮಾಡಿದಳು. ಕೊನೆಗೆ ಅಜ್ಜಿಯೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಚಿನ್ನಿ ಈಗ ಕೂಗುತ್ತಾ ಬರುವುದಿಲ್ಲ. ನೆಲದ ಮೇಲಿನ ಹೆಜ್ಜೆಗಳನ್ನು ತುಳಿಯದೆ ಅಂಚಿನಲ್ಲೇ ನಡೆದು ಬರುತ್ತಾಳೆ. ಎಲ್ಲಿಗೆ ಬಂದೆ ಎಂದು ಕೇಳಿದರೆ, "ಇಲ್ಲಿಗೆ," ಎನ್ನುತ್ತಾಳೆ. ಹೆಸರು ಹೇಳುವುದಿಲ್ಲ. ಒಂದು ಪದವನ್ನು ಮಗುವಿನ ಬಾಯಿಗೆ ಸಕ್ಕರೆಯಂತೆ ಇಡಲು ಟೀಚರಕ್ಕನಿಗೆ ವಾರಗಟ್ಟಲೆ ಹಿಡಿದಿತ್ತು. ಅದನ್ನು ಕಹಿ ಮಾಡಲು ಒಂದು ಊಟದ ಹೊತ್ತು ಸಾಕಾಯಿತು. ಅದು ಮತ್ತೆ ಸಿಹಿಯಾಗುತ್ತದೋ ಇಲ್ಲವೋ, ಅವಳಿಗೂ ಗೊತ್ತಿಲ್ಲ.

ಇನ್ನು ನೀವು. ಕೈ ಎತ್ತದ ಆ ಅರ್ಧ ಕೋಣೆಯಲ್ಲಿ ನೀವೂ ಕೂತಿದ್ದೀರಿ, ಅಲುಗಾಡಬೇಡಿ. ನಿಮ್ಮ ಮಗು ಹೋಗುವ ಜಾಗಕ್ಕೂ ಒಂದು ಹೆಸರಿದೆ, ಅದರ ಬಾಗಿಲಲ್ಲೂ ಅಳುವ ಮೂಗನ್ನು ಒರೆಸುವ ಕೈಯೊಂದು ಕಾದಿದೆ. ಇವತ್ತು ಮಗು ತುತ್ತನ್ನು ಉಗಿಯುತ್ತದೆ, ನಿಮಗೆ ರೇಗುತ್ತದೆ, ನಾಲಿಗೆ ತುದಿಗೆ ಆ ಹೆಸರು ಬಂದು ನಿಲ್ಲುತ್ತದೆ. ನುಂಗಿಕೊಳ್ಳಿ. ಹೆದರಿಸದೆ ಉಣ್ಣಿಸಲು ನಿಮ್ಮಿಂದ ಆಗುವುದೇ ಇಲ್ಲವೆಂದರೆ ನಿಮ್ಮ ಹೆಸರು ಹೇಳಿ ಹೆದರಿಸಿ.